ಒಂದೇ ಮಾರುಕಟ್ಟೆ, ಒಂದು ಲೆಕ್ಕದಲ್ಲಿ 2,000 ಕೋಟಿ, ಇನ್ನೊಂದರಲ್ಲಿ 72 ಕೋಟಿ: ಪಿಚ್‌ನಲ್ಲಿ ಯಾವುದನ್ನು ಹಾಕಲಿ?

ಪ್ರಶ್ನೆ: ನಾವು ಮೂವರು ಸೇರಿ ಹಲ್ಲಿನ ಕ್ಲಿನಿಕ್‌ಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದೇವೆ. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುತ್ತದೆ, ರೋಗಿಗಳಿಗೆ ನೆನಪಿಸುತ್ತದೆ. 14 ತಿಂಗಳಲ್ಲಿ 34 ಕ್ಲಿನಿಕ್‌ಗಳು ದುಡ್ಡು ಕೊಟ್ಟು ಸೇರಿವೆ. ಮುಂದಿನ ತಿಂಗಳು ಹೂಡಿಕೆದಾರರ ಮುಂದೆ ಪಿಚ್ ಇದೆ. ಒಂದು ವರದಿಯಲ್ಲಿ ವೈದ್ಯಕೀಯ ಸಾಫ್ಟ್‌ವೇರ್ ಮಾರುಕಟ್ಟೆ ವರ್ಷಕ್ಕೆ 20,000 ಕೋಟಿ ಅಂತ ಇದೆ. ಹಲ್ಲಿನದು 10% ಅಂತ ಹಿಡಿದರೆ 2,000 ಕೋಟಿ. ಮೂರು ವರ್ಷದಲ್ಲಿ ಅದರಲ್ಲಿ 1% ಸಿಕ್ಕರೂ ನಮಗೆ 20 ಕೋಟಿ. ಆದರೆ 60,000 ಕ್ಲಿನಿಕ್‌ಗಳು, ತಿಂಗಳಿಗೆ 1,000 ಅಂತ ಗುಣಿಸಿದರೆ ಇಡೀ ಮಾರುಕಟ್ಟೆಯೇ 72 ಕೋಟಿ! ಗೆಳೆಯರು ದೊಡ್ಡದನ್ನೇ ಹಾಕು ಅಂತಾರೆ. ನಮ್ಮ ಮೆಂಟರ್ ಟಾಪ್-ಡೌನ್ ಅಂದರೆ ಬರೀ ಸುಳ್ಳು, ಬಾಟಮ್-ಅಪ್ ಮಾತ್ರ ಹಾಕು ಅಂತಾರೆ. ಯಾರ ಮಾತು ಕೇಳಲಿ? (ದೇಶ, ಕರೆನ್ಸಿ ಬೇಕಂತಲೇ ಬರೆದಿಲ್ಲ. ನಮ್ಮ ಗಿರಾಕಿಗಳ ಪಟ್ಟಿ ಜೊತೆಗಿದೆ.)

ಉತ್ತರ: ಮೊದಲು ಆ 1% ಅನ್ನು ಕ್ಲಿನಿಕ್‌ಗಳ ಲೆಕ್ಕದಲ್ಲಿ ನೋಡೋಣ. 20 ಕೋಟಿ ಬರಬೇಕು, ಒಂದು ಕ್ಲಿನಿಕ್ ವರ್ಷಕ್ಕೆ 12,000 ಕೊಡುತ್ತದೆ. ಭಾಗಿಸಿ. ಸುಮಾರು 16,700 ಕ್ಲಿನಿಕ್‌ಗಳು ಬೇಕು. ಇರುವುದೇ 60,000 ಅಂದರೆ, ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಕ್ಲಿನಿಕ್ ನಿಮ್ಮ ಗಿರಾಕಿ ಆಗಬೇಕು. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 460ಕ್ಕೂ ಹೆಚ್ಚು. ನೀವು 14 ತಿಂಗಳಲ್ಲಿ ಸೇರಿಸಿದ್ದು 34. 'ಬರೀ 1% ಸಾಕು ಸಾರ್' ಅನ್ನುವ ಮಾತು ಎಷ್ಟು ವಿನಯದ್ದಾಗಿ ಕೇಳುತ್ತದೆ, ಅಲ್ವಾ? ಒಳಗೆ ಮಾತ್ರ ಇಷ್ಟು ದೊಡ್ಡ ಭರವಸೆ ಇದೆ. ಪಿಚ್ ಕೇಳುವವರಲ್ಲಿ ಒಬ್ಬರಾದರೂ ಈ ಭಾಗಾಕಾರವನ್ನು ಅಲ್ಲೇ ಕೂತು ಮಾಡುತ್ತಾರೆ. ನಾನೂ ಮಾಡುತ್ತಿದ್ದೆ.

ಹಾಗಂತ ನಿಮ್ಮ ಮೆಂಟರ್ ಮಾತನ್ನೂ ಪೂರ್ತಿ ಒಪ್ಪಲಾರೆ. ಟಾಪ್-ಡೌನ್ ಸುಳ್ಳು, ಬಾಟಮ್-ಅಪ್ ಸತ್ಯ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಅರ್ಧ ಸತ್ಯ. ಎರಡೂ ಗುಣಾಕಾರವೇ. ಟಾಪ್-ಡೌನ್ ಮೇಲಿನಿಂದ ಪಾಲು ಕತ್ತರಿಸುತ್ತಾ ಇಳಿಯುತ್ತದೆ, ಬಾಟಮ್-ಅಪ್ ಒಬ್ಬ ಗಿರಾಕಿಯಿಂದ ಹತ್ತುತ್ತದೆ. ಎರಡರಲ್ಲೂ ಸುಳ್ಳು ಸೇರಿಸಬಹುದು. ಕೆಲಸ ಮಾಡಲು ಕಚೇರಿ ಜಾಗ ಬಾಡಿಗೆಗೆ ಕೊಡುವ ವೀವರ್ಕ್ ಕಂಪನಿ 2019ರಲ್ಲಿ ಷೇರು ಮಾರಾಟಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಇದೇ ಆಗಿತ್ತು. 280 ನಗರಗಳಲ್ಲಿ 25.5 ಕೋಟಿ ಸಂಭವನೀಯ ಸದಸ್ಯರು ಇದ್ದಾರೆ, ಒಬ್ಬೊಬ್ಬ ಸದಸ್ಯನಿಂದ ನಮಗೆ ಸರಾಸರಿ ಇಷ್ಟು ಬರುತ್ತದೆ, ಗುಣಿಸಿದರೆ 1.6 ಲಕ್ಷ ಕೋಟಿ ಡಾಲರ್ ಅಂತ ಬರೆದಿದ್ದರು. ರೂಪದಲ್ಲಿ ಅದು ಶುದ್ಧ ಬಾಟಮ್-ಅಪ್. ತಲೆಯೆಣಿಕೆ ಗುಣಿಸು ಬೆಲೆ. ತೊಂದರೆ ಇದ್ದದ್ದು ತಲೆಯೆಣಿಕೆಯಲ್ಲಿ. ನಗರದಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವವರೆಲ್ಲ ಗಿರಾಕಿಗಳು ಅಂತ ಹಿಡಿದಂತಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಷೇರು ಮಾರಾಟವನ್ನೇ ವಾಪಸ್ ತೆಗೆದುಕೊಂಡರು. ಅದಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು, ಅದು ಬಿಡಿ.

ಹಾಗಾಗಿ ಯಾವ ದಾರಿ ಅನ್ನುವುದಕ್ಕಿಂತ, ಎರಡು ದಾರಿಗಳ ಮಧ್ಯೆ 28 ಪಟ್ಟು ಅಂತರ ಯಾಕೆ ಬಂತು ಅಂತ ಹುಡುಕಬೇಕು. ನಿಮ್ಮ ಹತ್ತಿರ ಇರುವ ಅತ್ಯಂತ ಬೆಲೆಯುಳ್ಳ ಮಾಹಿತಿ ಆ ಅಂತರವೇ. ನೀವು ಅದನ್ನು ಮುಚ್ಚಿಡಲು ನೋಡುತ್ತಿದ್ದೀರಿ.

ಮೇಲಿನಿಂದ ಇಳಿದು ನೋಡೋಣ

ವರದಿಗಳಲ್ಲಿ ಎಲ್ಲರೂ ಓದುವುದು ಮುಖಪುಟದ ಅಂಕಿ. ಓದಬೇಕಾದದ್ದು ಏನೇನು ಸೇರಿಸಿದ್ದೇವೆ ಅಂತ ಹೇಳುವ ಪುಟ. ಬಹಳ ಸಲ 'ಸಾಫ್ಟ್‌ವೇರ್ ಮಾರುಕಟ್ಟೆ' ಅನ್ನುವುದರೊಳಗೆ ಯಂತ್ರಗಳು, ಅಳವಡಿಕೆಯ ಕೂಲಿ, ತರಬೇತಿ, ವರ್ಷದ ನಿರ್ವಹಣೆ ಎಲ್ಲಾ ಇರುತ್ತವೆ. ದೊಡ್ಡ ಆಸ್ಪತ್ರೆ ಕೊಟ್ಟ ಬಿಲ್ಲೂ ಅಲ್ಲೇ ಇರುತ್ತದೆ. ಇನ್ನು ಆ 10% ಎಲ್ಲಿಂದ ಬಂತು? ನಿಮ್ಮ ಪತ್ರದಲ್ಲಿ 'ಅಂತ ಹಿಡಿದರೆ' ಅಂತಿದೆ. ಅಂದರೆ ಅದು ನಿಮ್ಮದೇ ಊಹೆ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡು ಇಳಿಯೋಣ. ಕೆಳಗಿನ ಪಾಲುಗಳನ್ನು ನಾನು ದಾರಿ ತೋರಿಸಲು ಹಿಡಿದಿದ್ದೇನೆ. ನಿಮ್ಮ ವರದಿಯ ವಿಂಗಡಣೆ ಪುಟದಲ್ಲಿ ಇರುವ ಪಾಲುಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

2,000 ಕೋಟಿಯಲ್ಲಿ ಯಂತ್ರ, ಅಳವಡಿಕೆ, ತರಬೇತಿ ತೆಗೆದರೆ ನಿಜವಾದ ಸಾಫ್ಟ್‌ವೇರ್ ಶುಲ್ಕ 40% ಅಂತ ಇಟ್ಟುಕೊಳ್ಳಿ. 800 ಕೋಟಿ ಉಳಿಯಿತು. ಅದರಲ್ಲಿ ಎಕ್ಸ್-ರೇ ಚಿತ್ರ ತೋರಿಸುವ ಸಾಫ್ಟ್‌ವೇರ್, ಬಿಲ್ಲಿಂಗ್, ರೋಗಿಗಳ ದಾಖಲೆ ಎಲ್ಲಾ ಇವೆ. ನೀವು ಅವನ್ನು ಮಾರುವುದಿಲ್ಲ. ಅಪಾಯಿಂಟ್‌ಮೆಂಟ್ ಮತ್ತು ನೆನಪಿಸುವ ಭಾಗ ಮಾತ್ರ 20% ಅಂದರೆ 160 ಕೋಟಿ. ವರದಿ ಹಲವು ದೇಶಗಳನ್ನು ಸೇರಿಸಿದೆ, ನೀವು ಮಾರುವ ಜಾಗ ಅದರಲ್ಲಿ 60% ಅಂದರೆ 96 ಕೋಟಿ.

ನೋಡಿದಿರಾ? ಮೂರೇ ಮೆಟ್ಟಿಲು ಇಳಿದದ್ದಕ್ಕೆ 2,000 ಹೋಗಿ 96 ಆಯಿತು. ನಿಮ್ಮ 72ರ ಪಕ್ಕದಲ್ಲೇ ಬಂದು ನಿಂತಿತು. ಅಂತರ ದೊಡ್ಡದಾಗಿದ್ದದ್ದು ಟಾಪ್-ಡೌನ್ ಅನ್ನುವ ವಿಧಾನದಿಂದ ಅಲ್ಲ. ಬೇರೆಯವರ ಮಾರುಕಟ್ಟೆಯನ್ನು ನಿಮ್ಮದು ಅಂತ ಕರೆದಿದ್ದಿರಿ, ಅಷ್ಟೆ.

ಈಗ ಕೆಳಗಿನಿಂದ

ನಿಮ್ಮ 72 ಕೂಡ ಸರಿ ಇಲ್ಲ. ಅದರಲ್ಲಿ ಎರಡು ಅಂಕಿಗಳಿವೆ. ಎರಡನ್ನೂ ಯಾರೂ ಮುಟ್ಟಿ ನೋಡಿಲ್ಲ.

ಮೊದಲನೆಯದು 60,000. ಅದು ಕ್ಲಿನಿಕ್‌ಗಳ ಸಂಖ್ಯೆಯೋ, ನೋಂದಾಯಿತ ದಂತವೈದ್ಯರ ಸಂಖ್ಯೆಯೋ? ಒಬ್ಬರೇ ಡಾಕ್ಟರು ಮೂರು ಕಡೆ ಕೂರುತ್ತಾರೆ. ಒಂದೇ ಕ್ಲಿನಿಕ್‌ನಲ್ಲಿ ನಾಲ್ವರು ಡಾಕ್ಟರುಗಳು ಇರುತ್ತಾರೆ. ನಿಮಗೆ ದುಡ್ಡು ಕೊಡುವುದು ಕ್ಲಿನಿಕ್, ಡಾಕ್ಟರಲ್ಲ. ಎಣಿಸುವ ಘಟಕವೂ ಬಿಲ್ ಹಾಕುವ ಘಟಕವೂ ಒಂದೇ ಇರಬೇಕು. ಇದನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು. ಹಿಂದೆ ಒಂದು ಕಂಪನಿಗೆ ಅಂಗಡಿಗಳ ಮಾರುಕಟ್ಟೆ ಲೆಕ್ಕ ಹಾಕಿಕೊಟ್ಟಿದ್ದೆ. ಸಿಕ್ಕ ನೋಂದಣಿ ಪಟ್ಟಿಯನ್ನು ಹಾಗೇ ತೆಗೆದುಕೊಂಡೆ. ಹೂಡಿಕೆದಾರರ ಕಡೆಯ ಒಬ್ಬ ಹುಡುಗಿ ಅದೇ ಪಟ್ಟಿಯಿಂದ 50 ನಂಬರ್ ಆರಿಸಿ ಒಂದು ಮಧ್ಯಾಹ್ನ ಫೋನ್ ಮಾಡಿದ್ದಳು. 13 ಅಂಗಡಿ ಮುಚ್ಚಿದ್ದವು, 6 ಒಂದೇ ಅಂಗಡಿಯ ಎರಡನೇ ಹೆಸರು. ಉಳಿದದ್ದು 31. ನನ್ನ ಇಡೀ ಮಾರುಕಟ್ಟೆ ಒಂದು ಮಧ್ಯಾಹ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಗ್ಗಿತು. ಅದಕ್ಕಿಂತ ನೋವಾದದ್ದು, ಆ ಫೋನ್‌ಗಳನ್ನು ನಾನೇ ಮಾಡಬಹುದಿತ್ತು ಅನ್ನುವುದು.

ನೀವೂ 50 ಫೋನ್ ಮಾಡಿ. ಪಟ್ಟಿಯ ಮೇಲಿನ 50 ಅಲ್ಲ, ಅಲ್ಲಲ್ಲಿ ಆರಿಸಿದ 50. ಕ್ಲಿನಿಕ್ ಇದೆಯಾ, ಎಷ್ಟು ಕುರ್ಚಿ, ಫೋನ್ ಎತ್ತುವವರು ಯಾರು, ಈಗ ಯಾವುದಾದರೂ ಸಾಫ್ಟ್‌ವೇರ್‌ಗೆ ದುಡ್ಡು ಕೊಡುತ್ತಿದ್ದಾರಾ, ಇಷ್ಟು ಕೇಳಿದರೆ ಸಾಕು. 50ರಿಂದ ಬರುವ ಉತ್ತರ ಕರಾರುವಾಕ್ಕಾಗಿ ಇರುವುದಿಲ್ಲ. ಆದರೆ 60,000 ನಿಜವಾಗಿ 55,000ವೋ 35,000ವೋ ಅನ್ನುವುದು ಗೊತ್ತಾಗುತ್ತದೆ. ಕೆಳಗೆ ನಾನು 60,000 ಅಂತಲೇ ಹಿಡಿಯುತ್ತೇನೆ. ಫೋನ್ ಆದ ಮೇಲೆ ತಿದ್ದಿಕೊಳ್ಳಿ.

ಎರಡನೆಯದು 1,000. ಅದು ನಿಮ್ಮ ವೆಬ್‌ಸೈಟಿನ ಬೆಲೆ. ಕೈಗೆ ಬಂದ ದುಡ್ಡು ಬೇರೆ ಇದೆ. ನೀವು ಕಳಿಸಿದ ಪಟ್ಟಿಯನ್ನು ನಾನು ಕುರ್ಚಿಗಳ ಲೆಕ್ಕದಲ್ಲಿ ಬೇರೆ ಮಾಡಿದೆ. ಒಬ್ಬರೇ ಡಾಕ್ಟರು, ಒಂದೇ ಕುರ್ಚಿ ಇರುವ ಕ್ಲಿನಿಕ್‌ಗಳು 9. ಅವರು ರಿಯಾಯಿತಿ ಕಳೆದು ಸರಾಸರಿ 600 ಕೊಡುತ್ತಿದ್ದಾರೆ. 2ರಿಂದ 4 ಕುರ್ಚಿ ಇರುವವರು 21, ಅವರು ಪೂರ್ತಿ 1,000 ಕೊಡುತ್ತಾರೆ. 5 ಅಥವಾ ಜಾಸ್ತಿ ಕುರ್ಚಿಯವರು 4, ಅವರಿಂದ 2,500 ಬರುತ್ತಿದೆ. ಇನ್ನೊಂದು ಕಾಲಂನಲ್ಲಿ ಎಷ್ಟು ಕ್ಲಿನಿಕ್‌ಗಳಿಗೆ ಹೋಗಿ ಕೇಳಿದ್ದಿರಿ ಅಂತಲೂ ಬರೆದಿದ್ದೀರಿ. ಬಹಳ ಒಳ್ಳೆಯದಾಯಿತು. ಒಂದು ಕುರ್ಚಿಯ 300 ಕ್ಲಿನಿಕ್‌ಗಳನ್ನು ಕೇಳಿದ್ದಕ್ಕೆ 9 ಬಂದಿವೆ, ಅಂದರೆ 3%. ಮಧ್ಯದ ಗುಂಪಿನಲ್ಲಿ 120ಕ್ಕೆ 21, ಅಂದರೆ 17.5%. ದೊಡ್ಡವರಲ್ಲಿ 20ಕ್ಕೆ 4. ಅದೂ ಅಲ್ಲದೆ ಆ 9 ಸಣ್ಣ ಕ್ಲಿನಿಕ್‌ಗಳಲ್ಲಿ 5 ಕ್ಲಿನಿಕ್‌ಗಳು ಎರಡು ತಿಂಗಳಿಂದ ಲಾಗಿನ್ ಆಗಿಯೇ ಇಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕುರ್ಚಿಯ ಕ್ಲಿನಿಕ್‌ನಲ್ಲಿ ಡಾಕ್ಟರೇ ಡೈರಿ ನೋಡಿ ರೋಗಿಗೆ ಫೋನ್ ಮಾಡುತ್ತಾರೆ. ನಿಮ್ಮ ಸಾಫ್ಟ್‌ವೇರ್ ಅವರ ಯಾವ ಸಂಬಳವನ್ನೂ ಉಳಿಸುವುದಿಲ್ಲ. ಎರಡು ಮೂರು ಕುರ್ಚಿ ಆದ ತಕ್ಷಣ ಡೈರಿ ಗೋಜಲಾಗುತ್ತದೆ, ಮುಂದೆ ಕೂರಲು ಒಬ್ಬರು ಬೇಕಾಗುತ್ತಾರೆ. ಅಲ್ಲಿಂದ ನಿಮ್ಮ ಮಾರುಕಟ್ಟೆ ಶುರು.

ಈಗ ಮತ್ತೆ ಗುಣಿಸಿ. 60,000ದಲ್ಲಿ ಒಂದು ಕುರ್ಚಿಯವು 45,000, ಮಧ್ಯದವು 12,000, ದೊಡ್ಡವು 3,000 ಅಂತ ಹಿಡಿಯೋಣ. ಈ ವಿಂಗಡಣೆಯೂ ನಿಮ್ಮ 50 ಫೋನ್‌ಗಳಿಂದಲೇ ತಿದ್ದಬೇಕಾದದ್ದು. ಒಂದು ಕುರ್ಚಿಯವರಿಂದ ವರ್ಷಕ್ಕೆ 32.4 ಕೋಟಿ, ಮಧ್ಯದವರಿಂದ 14.4 ಕೋಟಿ, ದೊಡ್ಡವರಿಂದ 9 ಕೋಟಿ. ಒಟ್ಟು 55.8 ಕೋಟಿ. ಇದು ನಿಮ್ಮ ಟ್ಯಾಮ್. ಅಂದರೆ ಎಲ್ಲರೂ ಕೊಂಡರೆ ಸಿಗುವ ಮೊತ್ತ. ಅದರಲ್ಲಿ ಒಂದು ಕುರ್ಚಿಯವರನ್ನು ಬಿಟ್ಟರೆ 23.4 ಕೋಟಿ. ಇದು ಸ್ಯಾಮ್, ಈಗಿನ ಸರಕಿನಿಂದ ನಿಜವಾಗಿ ಮುಟ್ಟಬಹುದಾದವರು.

ಮೇಲಿನಿಂದ 96, ಕೆಳಗಿನಿಂದ 55.8. ಎರಡು ಪಟ್ಟಿನ ಒಳಗೆ ಬಂತು. ನನ್ನ ಅನುಭವದಲ್ಲಿ ಎರಡು ಪಟ್ಟಿನ ತನಕ ಅಂತರ ಇದ್ದರೆ ಚಿಂತೆಯಿಲ್ಲ, ವಿವರಿಸಿದರೆ ಸಾಕು. ಐದು ಪಟ್ಟು, ಹತ್ತು ಪಟ್ಟು ಇದ್ದರೆ ಎಲ್ಲೋ ಒಂದು ಕಡೆ ಬೇರೆ ವಸ್ತುವನ್ನು ಎಣಿಸುತ್ತಿದ್ದೀರಿ ಅಂತ ಅರ್ಥ. ಇಲ್ಲಿ ಉಳಿದ ಅಂತರಕ್ಕೆ ಒಂದು ಕಾರಣ ನನಗೆ ಕಾಣುತ್ತದೆ. ಕ್ಲಿನಿಕ್‌ಗಳು ಈ ಕೆಲಸಕ್ಕೆ ಬೇರೆಯವರಿಗೆ ನಿಮಗಿಂತ ಜಾಸ್ತಿ ಕೊಡುತ್ತಿರಬಹುದು. ಇದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಎಷ್ಟು ಸಿಗುತ್ತದೆ

ಪಾಲನ್ನು ಶೇಕಡಾದಲ್ಲಿ ಹೇಳುವುದನ್ನು ಬಿಟ್ಟುಬಿಡಿ. ಮಾರುವ ಕೈಗಳನ್ನು ಎಣಿಸಿ. ಮೊದಲ ವರ್ಷ ಇಬ್ಬರು, ಎರಡನೇ ವರ್ಷ ನಾಲ್ವರು, ಮೂರನೇ ವರ್ಷ ಆರು ಜನ ಸೇಲ್ಸ್‌ನವರು. ಒಬ್ಬೊಬ್ಬರು ತಿಂಗಳಿಗೆ 4 ಕ್ಲಿನಿಕ್ ಸೇರಿಸುತ್ತಾರೆ ಅಂದರೆ ಮೂರು ವರ್ಷಕ್ಕೆ 576. ಹೊಸಬರು ಕಲಿಯಲು ತೆಗೆದುಕೊಳ್ಳುವ ತಿಂಗಳುಗಳು, ಬಿಟ್ಟು ಹೋಗುವ ಕ್ಲಿನಿಕ್‌ಗಳು, ಇವೆಲ್ಲ ಕಳೆದರೆ 400 ಉಳಿದರೆ ಪುಣ್ಯ. ಮಧ್ಯದ ಮತ್ತು ದೊಡ್ಡ ಕ್ಲಿನಿಕ್‌ಗಳು ನಿಮ್ಮಲ್ಲಿ ಈಗಿರುವ ಪ್ರಮಾಣದಲ್ಲೇ ಬಂದರೆ ಒಂದಕ್ಕೆ ವರ್ಷಕ್ಕೆ ಸುಮಾರು 15,000. ಅಲ್ಲಿಗೆ 60 ಲಕ್ಷ.

20 ಕೋಟಿ ಅಂದುಕೊಂಡಿದ್ದು 60 ಲಕ್ಷ ಆಯಿತು. ಬೇಜಾರಾಗುತ್ತದೆ, ನಿಜ. ಆದರೆ ಇದರಲ್ಲಿ ತಿಂಗಳಿಗೆ 4 ಅನ್ನುವುದೂ ಆಸೆಯ ಅಂಕಿಯೇ. ನೀವು ಮೂವರೂ ಸೇರಿ ಈಗ ತಿಂಗಳಿಗೆ ಎರಡೂವರೆಯಂತೆ ತರುತ್ತಿದ್ದೀರಿ.

ಹಾಗಾದರೆ ಯಾರೂ ದುಡ್ಡು ಹಾಕಲ್ವಾ?

ಇಲ್ಲಿ ಒಂದು ಮಾತು ಸುತ್ತಿ ಬಳಸದೆ ಹೇಳಬೇಕು. ವೆಂಚರ್ ಫಂಡ್‌ನವರು ಮಾರುಕಟ್ಟೆ ಸ್ಲೈಡ್ ನೋಡುವಾಗ ಮನಸ್ಸಿನಲ್ಲಿ ಮಾಡುವ ಲೆಕ್ಕ ಹೀಗಿದೆ. ಫಂಡ್ 50 ಕೋಟಿಯದ್ದು ಅಂತ ಇಟ್ಟುಕೊಳ್ಳಿ, ಸಣ್ಣದೇ. ಕೊನೆಗೆ ನಿಮ್ಮ ಕಂಪನಿಯಲ್ಲಿ ಅವರ ಪಾಲು 10% ಉಳಿಯುತ್ತದೆ. ಹಾಕಿದ ಹತ್ತಾರು ಕಂಪನಿಗಳಲ್ಲಿ ಬಹಳಷ್ಟು ಮುಳುಗುವುದರಿಂದ, ಗೆದ್ದ ಒಂದೇ ಕಂಪನಿ ಇಡೀ 50 ಕೋಟಿ ವಾಪಸ್ ತರಬೇಕು ಅಂತ ನೋಡುತ್ತಾರೆ. ಅಂದರೆ ನಿಮ್ಮ ಕಂಪನಿ 500 ಕೋಟಿ ಬಾಳಬೇಕು. ವರ್ಷದ ಆದಾಯದ 8 ಪಟ್ಟು ಬೆಲೆ ಕಟ್ಟಿದರೂ ಆದಾಯ 62 ಕೋಟಿಗೂ ಹೆಚ್ಚು ಬೇಕು. ನಿಮ್ಮ ಇಡೀ ಟ್ಯಾಮ್ 55.8. ಪ್ರತಿಯೊಂದು ಕ್ಲಿನಿಕ್ ಕೊಂಡರೂ ಸಾಲದು. ಅವರು 'ಮಾರುಕಟ್ಟೆ ಚಿಕ್ಕದು' ಅಂದಾಗ ಅದು ನಿಮ್ಮ ಕೆಲಸಕ್ಕೆ ಮಾಡಿದ ಅವಮಾನ ಅಲ್ಲ. ಅವರ ಫಂಡ್‌ನ ಗಣಿತ.

ನಿಮ್ಮ ಮುಂದೆ ಮೂರು ದಾರಿಗಳು ಕಾಣುತ್ತವೆ.

ಒಂದು, 2,000 ಕೋಟಿಯನ್ನೇ ಹಾಕುವುದು. ಮೊದಲ ಭೇಟಿ ದಾಟಬಹುದು. ಆಮೇಲೆ ಪರಿಶೀಲನೆಯಲ್ಲಿ ನಾನು ಮೇಲೆ ಮಾಡಿದ್ದನ್ನೇ ಅವರು ಮಾಡುತ್ತಾರೆ. ಆಗ ಹೋಗುವುದು ಆ ಒಂದು ಸ್ಲೈಡ್ ಮಾತ್ರ ಅಲ್ಲ. ಬೇರೆ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಅವರು ಪರಿಶೀಲಿಸದೆ ದುಡ್ಡು ಹಾಕಿಬಿಟ್ಟರೆ ಇನ್ನೂ ಕಷ್ಟ. ಆ ಅಂಕಿಗೆ ತಕ್ಕಂತೆ ಜನ ತೆಗೆದುಕೊಳ್ಳುತ್ತೀರಿ, ಕೊಳ್ಳುವವರು ಅಷ್ಟಿಲ್ಲ ಅಂತ ಒಂದೂವರೆ ವರ್ಷದ ಮೇಲೆ ಗೊತ್ತಾಗುತ್ತದೆ.

ಎರಡು, ಈಗಿನ ಮಾರುಕಟ್ಟೆಗೆ ತಕ್ಕ ದುಡ್ಡು ತರುವುದು. 23 ಕೋಟಿಯ ಸ್ಯಾಮ್‌ನಲ್ಲಿ ವರ್ಷಕ್ಕೆ 3-4 ಕೋಟಿ ದುಡಿಯುವ ಕಂಪನಿ ಮೂವರಿಗೆ ಕೆಟ್ಟದ್ದೇನಲ್ಲ. ಅದಕ್ಕೆ ವೆಂಚರ್ ಫಂಡ್ ಬೇಡ. ಸ್ವಂತ ದುಡ್ಡು ಹಾಕುವ ಏಂಜೆಲ್ ಹೂಡಿಕೆದಾರರು ಅಥವಾ ಗಿರಾಕಿಗಳ ವರ್ಷದ ಮುಂಗಡ ಸಾಕಾಗಬಹುದು. ಇಲ್ಲಿಯ ಅಪಾಯ ನಿಧಾನ. ದೊಡ್ಡ ದುಡ್ಡಿರುವ ಯಾರಾದರೂ ಬಂದರೆ ಓಡುವುದು ಕಷ್ಟ.

ಮೂರು, ಮಾರುಕಟ್ಟೆ ಹಿಗ್ಗುತ್ತದೆ ಅಂತ ತೋರಿಸುವುದು. ಇದಕ್ಕೆ ಪುರಾವೆ ಬೇಕು. ಇದರ ಬಗ್ಗೆ ಒಂದು ಹಳೆಯ ಜಗಳ ಹೇಳುತ್ತೇನೆ. 2014ರ ಜೂನ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಶ್ವತ್ ದಾಮೋದರನ್ ಅವರು ಊಬರ್ ಕಂಪನಿಗೆ 590 ಕೋಟಿ ಡಾಲರ್ ಬೆಲೆ ಕಟ್ಟಿದರು. ಜಗತ್ತಿನ ಟ್ಯಾಕ್ಸಿ ಮಾರುಕಟ್ಟೆ 10,000 ಕೋಟಿ ಡಾಲರ್, ಅದರಲ್ಲಿ 10% ಊಬರ್‌ಗೆ, ಅನ್ನುವುದು ಅವರ ಟಾಪ್-ಡೌನ್ ಆಧಾರ. ಊಬರ್‌ನಲ್ಲಿ ದುಡ್ಡು ಹಾಕಿದ್ದ ಬಿಲ್ ಗರ್ಲಿ ಮರುತಿಂಗಳೇ ಉತ್ತರ ಬರೆದರು. ಟ್ಯಾಕ್ಸಿ ಸುಲಭವಾದರೆ ಮೊದಲು ಟ್ಯಾಕ್ಸಿ ಹತ್ತದವರೂ ಹತ್ತುತ್ತಾರೆ, ಕೆಲವರು ಸ್ವಂತ ಕಾರನ್ನೇ ಬಿಡುತ್ತಾರೆ, ಹಳೆಯ ಟ್ಯಾಕ್ಸಿ ಮಾರುಕಟ್ಟೆಯನ್ನು ಗಡಿ ಅಂತ ಹಿಡಿದದ್ದೇ ತಪ್ಪು ಅಂತ. ಇದನ್ನು ನೆನಪಿಟ್ಟುಕೊಂಡು ಆಮೇಲೆ ಬಂದ ಸ್ಟಾರ್ಟಪ್‌ಗಳೆಲ್ಲ 'ನಮ್ಮದೂ ಹಾಗೇ' ಅಂದವು. ಆದರೆ ಗರ್ಲಿ ವಾದದಲ್ಲಿ ಒಂದು ತಿರುಳಿತ್ತು. ಜನರ ನಡವಳಿಕೆ ಯಾಕೆ ಬದಲಾಗುತ್ತದೆ ಅಂತ ಅವರು ಒಂದೊಂದಾಗಿ ಹೇಳಿದ್ದರು.

ನಿಮಗೂ ಅಂಥ ಒಂದು ತಿರುಳು ಇರಬಹುದು ಅಂತ ನನಗೆ ಅನ್ನಿಸುತ್ತದೆ. ಅದು ಬೆಲೆಯಲ್ಲಿ ಇದೆ. ಮೂರು ಕುರ್ಚಿಯ ಒಂದು ಕ್ಲಿನಿಕ್ ತೆಗೆದುಕೊಳ್ಳಿ. ತಿಂಗಳಿಗೆ 500 ಅಪಾಯಿಂಟ್‌ಮೆಂಟ್, ಅದರಲ್ಲಿ 60 ಜನ ಹೇಳದೆ ಕೇಳದೆ ತಪ್ಪಿಸಿಕೊಳ್ಳುತ್ತಾರೆ ಅಂದುಕೊಳ್ಳಿ. ನಿಮ್ಮ ನೆನಪೋಲೆಯಿಂದ ಅದು 40ಕ್ಕೆ ಇಳಿದರೆ 20 ಭೇಟಿ ಉಳಿದವು. ಒಂದು ಭೇಟಿಗೆ 800 ಬಂದರೂ ತಿಂಗಳಿಗೆ 16,000. ಅದಕ್ಕೆ ನೀವು ಕೇಳುತ್ತಿರುವುದು 1,000. 2,000 ಕೇಳಿದರೆ ಬಿಟ್ಟು ಹೋಗುತ್ತಾರಾ? ಇದನ್ನು ಕೂತು ಯೋಚಿಸಿ ಉಪಯೋಗವಿಲ್ಲ. ಪಿಚ್‌ಗೆ ಇನ್ನೂ ತಿಂಗಳಿದೆ. ಮುಂದೆ ನೋಡಲಿರುವ ಮಧ್ಯದ ಗಾತ್ರದ 20 ಕ್ಲಿನಿಕ್‌ಗಳಿಗೆ 2,000 ಅಂತ ಹೇಳಿ. ಈಗ 17.5% ಸೇರುತ್ತಿದ್ದಾರೆ, ಅಂದರೆ 20ರಲ್ಲಿ ಮೂರು ನಾಲ್ಕು. ಹೊಸ ಬೆಲೆಯಲ್ಲೂ ಮೂರು ಬಂದರೆ, ಸಣ್ಣ ಪುರಾವೆಯೇ ಆದರೂ ಕೈಯಲ್ಲಿ ಒಂದು ಪುರಾವೆ ಇರುತ್ತದೆ. ದೊಡ್ಡವರಿಗೂ ಅದೇ ರೀತಿ 5,000 ಆದರೆ ಸ್ಯಾಮ್ 23.4ರಿಂದ 46.8 ಕೋಟಿ ಆಗುತ್ತದೆ. ನಾನು ಹೇಳಿದ್ದ ಉಳಿದ ಅಂತರ ಇಲ್ಲೇ ಮುಚ್ಚಿಕೊಳ್ಳಬಹುದು.

ಒಂದೂ ಬರದಿದ್ದರೆ? ಆಗ ಬೆಲೆಯ ಕಥೆಯನ್ನು ಪಿಚ್‌ನಲ್ಲಿ ಹೇಳಬೇಡಿ. ಮೊದಲು ಆ 20 ಭೇಟಿ ನಿಜವಾಗಿ ಉಳಿಯುತ್ತಿವೆಯಾ ಅಂತ ನಿಮ್ಮ 34 ಕ್ಲಿನಿಕ್‌ಗಳ ದಾಖಲೆಯಲ್ಲಿ ನೋಡಿ. ಹಿಗ್ಗಿಸಲು ಕಣ್ಣಿನ ಕ್ಲಿನಿಕ್, ಚರ್ಮದ ಕ್ಲಿನಿಕ್ ಅಂತ ಬೇರೆ ಸಾಲುಗಳನ್ನೂ ಸೇರಿಸಬಹುದು. ಅಲ್ಲೂ ಸಂಖ್ಯೆ ಗುಣಿಸು ಬೆಲೆ ಅಂತಲೇ ಬರೆಯಿರಿ, ಬೇರೆ ಬಣ್ಣದಲ್ಲಿ, 'ಇನ್ನೂ ಒಬ್ಬರಿಗೂ ಮಾರಿಲ್ಲ' ಅಂತ ಪಕ್ಕದಲ್ಲೇ ಹಾಕಿ. ಎಲ್ಲವನ್ನೂ ಕೂಡಿಸಿ ಒಂದೇ ದೊಡ್ಡ ಅಂಕಿ ಮಾಡಬೇಡಿ.

ಸ್ಲೈಡ್ ಹೇಗಿರಲಿ

ಮಧ್ಯದಲ್ಲಿ ಮೂರು ಸಾಲು ಸಾಕು. ಪ್ರತಿ ಗುಂಪಿನ ಕ್ಲಿನಿಕ್‌ಗಳ ಸಂಖ್ಯೆ, ನಿಜವಾಗಿ ಕೈಗೆ ಬರುವ ಬೆಲೆ, ಗುಣಲಬ್ಧ. ಕೆಳಗೆ ಸಣ್ಣ ಅಕ್ಷರದಲ್ಲಿ 'ವರದಿಯಿಂದ ಇಳಿದು ಬಂದರೆ 96 ಕೋಟಿ' ಅಂತ ಒಂದು ಸಾಲು. ಆ ಮೂರು ಮೆಟ್ಟಿಲುಗಳನ್ನು ಹಿಂದಿನ ಪುಟಗಳಲ್ಲಿ ಇಟ್ಟುಕೊಳ್ಳಿ, ಕೇಳಿದಾಗ ತೆಗೆಯಿರಿ. ಒಂದರೊಳಗೊಂದು ಮೂರು ವೃತ್ತದ ಚಿತ್ರ ಬೇಡ. ಅದರಲ್ಲಿ ಗುಣಾಕಾರ ಕಾಣುವುದಿಲ್ಲ, ಮತ್ತು ಅವರು ಬೆಳಗ್ಗೆಯಿಂದ ಅದನ್ನೇ ನೋಡಿರುತ್ತಾರೆ.

ಯಾರಾದರೂ 'ಇಷ್ಟೇನಾ?' ಅಂತ ಖಂಡಿತ ಕೇಳುತ್ತಾರೆ. ಆಗ 'ಇವತ್ತಿನ ಬೆಲೆಗೆ ಇಷ್ಟೇ. ಹೋದ ವಾರಗಳಲ್ಲಿ 20 ಕ್ಲಿನಿಕ್‌ಗಳಿಗೆ ದುಪ್ಪಟ್ಟು ಬೆಲೆ ಹೇಳಿದೆವು, ಇಷ್ಟು ಜನ ಒಪ್ಪಿದರು' ಅಂತ ಹೇಳಿ, ಬಂದ ಉತ್ತರ ಒಂದೇ ಆಗಿದ್ದರೂ ಸರಿ, ಆ ಅಂಕಿಯನ್ನೇ ಹೇಳಿ.